ಮೂವತ್ತೆಂಟು ನಂಬರಿನ ಕೋಟು

ತಿಕೋಟಾದ ಭಾಗಪ್ಪನ ಮಗ ಕರೆಪ್ಪ ಆರು ವಾರಗಳಿಂದ ಕೆಮ್ಮುತ್ತಿದ್ದ. ಅವನು ಓದಲು ಬಂದಿದ್ದ ಜರ್ಮನಿಯ ಊರಿನಲ್ಲಿ ನವೆಂಬರ್ ಚಳಿ ಎಂದರೆ ನಮ್ಮ ಕಡೆಯ ಚಳಿಯಲ್ಲ, ಕಂಬಳಿ ಹೊದ್ದು ಒಲೆಯ ಮುಂದೆ ಕೂತರೆ ಹೋಗುವಂಥದ್ದಲ್ಲ. ಅದು ಎಲುಬಿನಲ್ಲಿ ಮನೆ ಮಾಡುತ್ತದೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಸರಕಾರದ ವಿದ್ಯಾರ್ಥಿವೇತನದ ಮೇಲೆ ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಇಲ್ಲಿಗೆ ಬಂದವನು, ಊರಿಂದ ತಂದ ಎರಡು ಅಂಗಿಯನ್ನು ಒಂದರ ಮೇಲೊಂದು ಹಾಕಿಕೊಂಡು, ಅದರ ಮೇಲೆ ಒಂದು ಸ್ವೆಟರ್ ಏರಿಸಿ ಹೇಗೋ ದಿನ ನೂಕುತ್ತಿದ್ದ. ಸೋಮವಾರದಿಂದ ನದಿಯ ದಂಡೆಯಲ್ಲಿ ನೀರಿನ ವೇಗ ಅಳೆಯುವ ಕೆಲಸ. ಪ್ರೊಫೆಸರರು ಅವನ ಕೆಮ್ಮು ಕೇಳಿ, ಬೆಚ್ಚನೆಯ ಕೋಟಿಲ್ಲದೆ ದಂಡೆಗೆ ಬರಬೇಡ ಎಂದು ಖಂಡಿತವಾಗಿ ಹೇಳಿಬಿಟ್ಟಿದ್ದರು. ದಂಡೆಗೆ ಹೋಗದಿದ್ದರೆ ಆ ಚಳಿಗಾಲದ ಪಾಠವೇ ಕೈತಪ್ಪುತ್ತದೆ, ಇಡೀ ಒಂದು ವರ್ಷ ಹಾಳು.

ಹಾಗಾಗಿ ಶನಿವಾರ ಬೆಳಿಗ್ಗೆ ಅವನು ಲಾಡಲೇಸಾಬನ ಜೊತೆ ದೊಡ್ಡ ಬಟ್ಟೆ ಅಂಗಡಿಗೆ ಹೋದ. ಲಾಡಲೇಸಾಬ ವಿಜಾಪುರದ ಇಬ್ರಾಹಿಂಪುರದವನು, ಈ ಜರ್ಮನ್ ಊರಿನ ಒಂದು ಕಾರ್ಖಾನೆಗೆ ತರಬೇತಿಗೆ ಬಂದವನು. ಕರೆಪ್ಪನಿಗಿಂತ ನಾಲ್ಕು ತಿಂಗಳು ಹಳಬ. ಅಷ್ಟಕ್ಕೇ ಅವನ ಮಾತಿನ ಗತ್ತು ಕೇಳಬೇಕಾಗಿತ್ತು.

"ನಿನ್ನ ನಂಬರ ಎಷ್ಟ ಹೇಳು, ಮುಗೀತು. ಇಲ್ಲಿ ಹೊಲಿಸೂದಿಲ್ಲ ಏನಿಲ್ಲ. ನಂಬರ ನೋಡೂದು, ಮೈಗೆ ಹಾಕ್ಕೊಳ್ಳೂದು."

"ಮೂವತ್ತೆಂಟ," ಎಂದ ಕರೆಪ್ಪ. ಆ ಅಂಕಿಯನ್ನು ಅವನು ಹುಡುಗನಾಗಿದ್ದಾಗಿನಿಂದ ಕೇಳಿಕೊಂಡು ಬಂದಿದ್ದ. ಎದೆ ಮೂವತ್ತೆಂಟು ಇಂಚು. ಅದರಲ್ಲಿ ಅನುಮಾನವೇ ಇರಲಿಲ್ಲ.

ಗಂಡಸರ ಕೋಟುಗಳ ಸಾಲಿನಲ್ಲಿ ಮೂವತ್ತೆಂಟು ಸಿಗಲಿಲ್ಲ. ನಲವತ್ನಾಲ್ಕರಿಂದ ಶುರುವಾಗಿ ನಲವತ್ತಾರು, ನಲವತ್ತೆಂಟು, ಹೀಗೆ ಎರಡೆರಡು ಮೆಟ್ಟಿಲು ಹತ್ತಿ ಐವತ್ತೆಂಟಕ್ಕೆ ಹೋಗಿ ನಿಂತಿದ್ದವು. ಇಂಚಿನ ಲೆಕ್ಕದಲ್ಲಿ ಐವತ್ತೆಂಟೆಂದರೆ ಎಮ್ಮೆಯ ಮೈಗೆ ಹೊದಿಸುವ ಜೂಲಿನ ಅಳತೆ. ಲಾಡಲೇಸಾಬ ಬಿಡುವವನಲ್ಲ, ಆ ಕಡೆ ಈ ಕಡೆ ಅಡ್ಡಾಡಿ, ಮೂಲೆಯ ಸಾಲಿನಿಂದ ಒಂದು ಕಂದು ಕೋಟು ಎಳೆದು ತಂದ.

"ಹಿಡಿ. ಮೂವತ್ತೆಂಟ. ನಾ ಹೇಳಿರಲಿಲ್ಲ?"

ಕರೆಪ್ಪ ತೊಟ್ಟುಕೊಂಡ. ಎದೆಗೆ ಸರಿಯಾಗಿಯೇ ಕೂತಿತು. ಆದರೆ ಭುಜ ಬಿಗಿ, ತೋಳು ಗಿಡ್ಡ, ಸೊಂಟದ ಕೆಳಗೆ ಲಂಗದಂತೆ ಅಗಲ. ಗುಂಡಿ ಹಾಕಲು ಹೋದರೆ ಕೈ ಎಡವಟ್ಟಾಯಿತು, ಗುಂಡಿಗಳೆಲ್ಲ ಎಡಗಡೆ ಇದ್ದವು. ಕನ್ನಡಿಯ ಹತ್ತಿರ ನಿಂತಿದ್ದ ಮುದುಕಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಅದು ಹೆಂಗಸರ ಕೋಟು.

ಕರೆಪ್ಪನ ಕಿವಿ ಬಿಸಿಯಾದವು. ಕೋಟು ತೆಗೆದು ಲಾಡಲೇಸಾಬನ ಕೈಗೆ ತುರುಕಿದ.

"ಅಂಗೀದಾಗ ನಾ ಮೂವತ್ತೆಂಟ ಹಾಕ್ಕೋತೇನಿ, ಬರೋಬ್ಬರಿ ಆಗತೈತಿ," ಎಂದು ಲಾಡಲೇಸಾಬ ಗೊಣಗಿದ.

"ನಡಿ ಭಾಯಿ, ಸಾಕಾತು. ಕೋಟೂ ಬ್ಯಾಡ ಏನೂ ಬ್ಯಾಡ."

ಆದರೆ ಹೊರಗೆ ಹೋಗಲು ಮನಸ್ಸಾಗಲಿಲ್ಲ. ಹೊರಗೆ ಚಳಿ ಕಾದುಕೊಂಡು ಕೂತಿತ್ತು. ಅಲ್ಲದೆ ಅವನೊಳಗಿನ ಎಂಜಿನಿಯರ್ ಸುಮ್ಮನಿರಲಿಲ್ಲ. ಈ ದೇಶದಲ್ಲಿ ಇಂಚಿಲ್ಲ, ಸೆಂಟಿಮೀಟರು. ಮೂವತ್ತೆಂಟು ಇಂಚೆಂದರೆ ತೊಂಬತ್ತಾರು ಸೆಂಟಿಮೀಟರು, ಚೂರು ಮೇಲೆ. ತೊಂಬತ್ತಾರು ಯಾವ ಕೋಟಿನ ಮೇಲೂ ಇಲ್ಲ. ಅವನು ಒಂದು ಕೋಟನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ನೋಡುತ್ತ ನಿಂತ. ಹಾಸಿದ ಕೋಟಿನಲ್ಲಿ ಕಾಣುವುದು ಎದೆಯ ಸುತ್ತಳತೆಯ ಅರ್ಧ ಮಾತ್ರ. ಹಾಗಾದರೆ ಈ ಅಂಕಿಗಳೂ ಅರ್ಧವೇ! ನಲವತ್ನಾಲ್ಕರ ಎರಡರಷ್ಟು ಎಂಬತ್ತೆಂಟು, ಐವತ್ತೆಂಟರ ಎರಡರಷ್ಟು ನೂರಾ ಹದಿನಾರು. ಮನುಷ್ಯರ ಎದೆಗಳೆಲ್ಲ ಈ ನಡುವೆ ಬಂದುಬಿಡುತ್ತವೆ. ತೊಂಬತ್ತಾರರ ಅರ್ಧ ನಲವತ್ತೆಂಟು.

ನಲವತ್ತೆಂಟರ ಕೋಟು ತೊಟ್ಟ. ತೀರ ಸಡಿಲ. ಕಂಕುಳಲ್ಲಿ ಇನ್ನೊಬ್ಬ ತೂರುವಷ್ಟು ಜಾಗ, ಬೆರಳ ತುದಿ ಮುಚ್ಚುವ ತೋಳು. ಕೊರಳಿನಿಂದ ಗಾಳಿ ನೇರ ಹೊಟ್ಟೆಗಿಳಿಯುವ ಹಾಗಿತ್ತು. ಕರೆಪ್ಪನಿಗೆ ಅದೇನೂ ವಿಶೇಷವೆನಿಸಲಿಲ್ಲ. ಅವನ ಬಟ್ಟೆಗಳೆಲ್ಲ ಇದ್ದದ್ದೇ ಹೀಗೆ. ಊರಲ್ಲಿ ಅವ್ವ ಸೋನಾಬಾಯಿ ಪ್ರತಿ ಅಂಗಿಯ ಬಗಲಿಗೂ ಸೂಜಿ ಹಿಡಿದು ಒಳಹೊಲಿಗೆ ಹಾಕಿ ಕೊಡುತ್ತಿದ್ದಳು. "ಇದಾ ಇರಲಿ," ಎಂದ.

ಅಷ್ಟರಲ್ಲಿ ಅಂಗಡಿಯ ಹೆಂಗಸು ಹತ್ತಿರ ಬಂದಳು. ನಡುವಯಸ್ಸಿನವಳು, ಬೆಳಗಿನಿಂದ ನಿಂತು ನಿಂತು ಕಾಲು ಸೋತವಳ ಮುಖ. ಕರೆಪ್ಪನ ಮುರುಕು ಜರ್ಮನ್ ಅರ್ಥಮಾಡಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದಳು. ಗಂಡಸರ ಕೋಟಿನ ಅಂಕಿ ಎದೆಯ ಅರ್ಧ, ನಿಮ್ಮ ಊಹೆ ಸರಿ. ಅಂಗಿಯ ಅಂಕಿ ಎದೆಯದಲ್ಲ, ಕೊರಳಿನ ಸುತ್ತಳತೆ. ಹೆಂಗಸರ ಅಂಕಿಗೆ ಅದರದೇ ಬೇರೆ ಪದ್ಧತಿ. ಲಾಡಲೇಸಾಬ ತನ್ನ ಕೊರಳಪಟ್ಟಿ ಮುಟ್ಟಿ ನೋಡಿಕೊಂಡ. ಆಮೇಲೆ ಆಕೆ, ಈ ಕೋಟು ನಿಮಗೆ ಬಹಳ ದೊಡ್ಡದು, ನೀವು ನಲವತ್ತೆಂಟರವರಲ್ಲ ಎನ್ನುತ್ತ ಕೊರಳಲ್ಲಿ ತೂಗಿದ್ದ ಟೇಪು ತೆಗೆದು ಕೈ ಚಾಚಿದಳು.

ಕರೆಪ್ಪ ಹಿಂದೆ ಸರಿದ. ಸರಿದ ರಭಸಕ್ಕೆ ಬೆನ್ನು ಕೋಟಿನ ಸಾಲಿಗೆ ಬಡಿದು ಹ್ಯಾಂಗರುಗಳು ಗಲಗಲ ಎಂದವು. ಆಕೆ ಕೈ ಚಾಚಿದಂತೆಯೇ ನಿಂತಳು. ತಾನೇನು ತಪ್ಪು ಮಾಡಿದೆ ಎಂದು ಅವಳಿಗೆ ತಿಳಿಯಲಿಲ್ಲ.

"ಯಾಕ ಲೇ? ಟೇಪ ಅದು, ಹಾವಲ್ಲ," ಎಂದ ಲಾಡಲೇಸಾಬ.

"ನಮ್ಮೂರಾಗ ನಮಗ ಟೇಪ ಹಚ್ಚೂದಿಲ್ಲ ಭಾಯಿ."

"ಮತ್ತ ಮೂವತ್ತೆಂಟ ಅಂತ ಅಳದಾವ್ರು ಯಾರು?"

"ಅಳದಿಲ್ಲ." ಕರೆಪ್ಪನ ದನಿ ಸೋತಿತ್ತು. "ಶಾಂತಪ್ಪ ಟೇಲರ ಕಟ್ಟಿ ಮ್ಯಾಲ ಕುಂತಿರ್ತಿದ್ದ. ನಾವು ಕೆಳಗ ನಿಂತು ಒಂದು ಸುತ್ತ ತಿರುಗಬೇಕು. ಮೂವತ್ತೆಂಟ ಅಂತಿದ್ದ. ನನಗೂ ಮೂವತ್ತೆಂಟ, ನಮ್ಮಪ್ಪಗೂ ಮೂವತ್ತೆಂಟ. ಕೇರಿಗೆಲ್ಲಾ ಅದಾ."

ಲಾಡಲೇಸಾಬ ಕೈಯಲ್ಲಿದ್ದ ಕಂದು ಕೋಟನ್ನು ಮೆಲ್ಲಗೆ ಸಾಲಿಗೆ ತೂಗುಹಾಕಿದ. ಅವನ ಗತ್ತೆಲ್ಲ ಇಳಿದು ಹೋಯಿತು.

ಮುಟ್ಟಿದರೆ ಮೈಲಿಗೆ ಎಂದು ನಂಬಿದ ಶಾಂತಪ್ಪ ಮೈ ಅಳೆಯದೆಯೇ ಅಳತೆ ಹೇಳುತ್ತಿದ್ದ. ಕಡಿಮೆ ಬಿದ್ದರೆ ತಕರಾರು ಬರುತ್ತದೆ, ಹೆಚ್ಚಾದರೆ ಯಾರು ಕೇಳುತ್ತಾರೆ? ಕರೆಪ್ಪನ ಮನೆಯವರೆಲ್ಲ ಬುದ್ಧನ ದಾರಿ ಹಿಡಿದು ಆರು ವರ್ಷವಾಗಿತ್ತು, ದೇವರ ಪಟಗಳನ್ನು ಕೆಳಗಿಳಿಸಿ ಆಗಿತ್ತು. ಆ ಅಂಕಿ ಮಾತ್ರ ಅವನ ಮೈಮೇಲೆ ಹಾಗೇ ಉಳಿದು ಸಮುದ್ರ ದಾಟಿ ಬಂದಿತ್ತು. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದಣಿವು. ಅಲ್ಲೇ ನೆಲದ ಮೇಲೆ ಕೂತುಬಿಡೋಣ ಅನಿಸುವಂಥ ದಣಿವು.

ಆದರೂ ಅವನು ದೊಗಳೆ ಕೋಟು ತೆಗೆದು, ಸ್ವೆಟರನ್ನೂ ತೆಗೆದು, ಒಂದು ಹೆಜ್ಜೆ ಮುಂದೆ ಬಂದು ತೋಳೆತ್ತಿ ನಿಂತ. ಆಕೆ ಸುತ್ತ ಕೈ ಹಾಕಿ ಟೇಪು ಎಳೆದಳು. ತೊಂಬತ್ಮೂರು. ಆಕೆಗೆ ನಂಬಿಕೆಯಾಗಲಿಲ್ಲ. ಮುಖವೆತ್ತಿ ಅವನನ್ನು ನೋಡಿ ಮೆಲ್ಲಗೆ, "ಉಸಿರು ಬಿಡಿ," ಎಂದಳು.

ತಾನು ಉಸಿರು ಬಿಗಿಹಿಡಿದಿದ್ದು ಅವನಿಗೆ ಆಗಲೇ ಗೊತ್ತಾದದ್ದು. ಬಿಟ್ಟ. ಜೊತೆಗೆ ಕೆಮ್ಮೂ ಬಂತು. ಕೆಮ್ಮು ನಿಲ್ಲುವ ತನಕ ಆಕೆ ಟೇಪು ಬಿಡದೆ, ಅವನ ಬೆನ್ನಿಗೆ ಅಂಗೈ ಇಟ್ಟುಕೊಂಡೇ ನಿಂತಿದ್ದಳು. ಎಂಬತ್ತೆಂಟು. ಅಂದರೆ ನಲವತ್ನಾಲ್ಕು, ಸಾಲಿನ ಮೊದಲನೆಯ ಕೋಟು.

ಅದನ್ನು ತೊಟ್ಟು ಗುಂಡಿ ಹಾಕಿದ. ಎಲ್ಲಿಯೂ ಗಾಳಿಗೆ ದಾರಿ ಇರಲಿಲ್ಲ. ಸೋಮವಾರ ದಂಡೆಗೆ ಹೋಗಬಹುದಿತ್ತು. ಕನ್ನಡಿಯಲ್ಲಿ ತೆಳ್ಳಗಿನ ಒಬ್ಬ ಹುಡುಗ ನಿಂತಿದ್ದ, ಅವನನ್ನು ಕರೆಪ್ಪ ಬಹಳ ಹೊತ್ತು ನೋಡಿದ.

"ಹೆಂಗ ಅನಸ್ತೈತಿ? ಬಿಗಿ ಆತೇನು?" ಎಂದು ಲಾಡಲೇಸಾಬ ಕೇಳಿದ.

"ಇಲ್ಲ," ಎಂದ ಕರೆಪ್ಪ. "ನಾ ಇಷ್ಟಾ ಇದ್ದೆ ಭಾಯಿ. ಯಾರೂ ನೋಡಿರಲಿಲ್ಲ."