ಪಿನ್ನಿನ ಪಕ್ಕದ ಜೋಳದ ಕಾಳು

ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದೆ. ನಮ್ಮೂರು ಮಸೂತಿಯಿಂದ ಕಾಕಿಯ ಫೋನ್ ಬಂತು. ನಮ್ಮ ಕಾಕಿ ಫೋನಿನಲ್ಲಿ ಮೊದಲು ನನ್ನ ಊಟ ವಿಚಾರಿಸಬೇಕು, ಆಮೇಲೆ ಓಣಿಯ ಸುದ್ದಿ, ಕಟ್ಟಕಡೆಗೆ ತನ್ನ ಕೆಲಸ. ಅವತ್ತು ಊಟದ ಮಾತೇ ಇಲ್ಲ.

"ತಮ್ಮಾ, ಇಲಿ ವಯರ ಕಡದೈತಿ."

"ಯಾವ ವಯರ?"

"ನಿಮ್ಮ ಕಾಕಾನ ಮಷೀನಿಂದು."

ನಿದ್ದೆ ಹಾರಿಹೋಯಿತು. ಕಾಕಾನಿಗೆ ದಮ್ಮು. ತೊಗರಿ ರಾಶಿಯ ದಿನಗಳಲ್ಲಿ ಊರ ತುಂಬ ಹೊಟ್ಟು ಹಾರುತ್ತದೆ, ಆಗ ಅದು ಇನ್ನೂ ಜೋರು. ಔಷಧವನ್ನು ಹೊಗೆಯ ಹಾಗೆ ಮಾಡಿ ಮೂಗು ಬಾಯಿಗೆ ಕೊಡುವ ಅಂಗೈಯಗಲದ ಮಷೀನೊಂದು ಮನೆಯಲ್ಲಿತ್ತು. ಹಳೆಯದು, ಆದರೆ ಬೆಳಿಗ್ಗೆ ಸಂಜೆ ತಪ್ಪದೆ ನಡೆಯುತ್ತಿತ್ತು. ಮೊಬೈಲಿನಂತೆ ಅದಕ್ಕೂ ಚಾರ್ಜು ಹಾಕಬೇಕು. ಬೆಳಗಿನ ಸರದಿ ಮುಗಿಯುವಷ್ಟರಲ್ಲಿ ಕೆಂಪು ದೀಪ ಮಿಣುಕಿ ಸತ್ತುಹೋಗಿದೆ. ಸಂಜೆಯದು ಬಾಕಿ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವ ಹೊತ್ತಿನಲ್ಲಿ ನಾನು ಹೊಸ ವಯರು ಕೊಳ್ಳಬೇಕು, ಅದು ಸರಿಯಾದದ್ದೇ ಆಗಿರಬೇಕು. ಇಲ್ಲವಾದರೆ ಯಾರದಾದರೂ ಗಾಡಿ ಹಿಡಿದು, ಉಬ್ಬಸದ ಕಾಕಾನನ್ನು ಕತ್ತಲೆಯಲ್ಲಿ ದವಾಖಾನೆಗೆ ಕರೆತರಬೇಕು.

"ಕಾಕಿ, ವಯರಿನ ತುದಿ ಫೋಟೋ ತಗದು ಕಳಸು."

ಫೋಟೋ ಬಂತು. ಚಾರ್ಜರಿನೊಳಗೆ ಹೋಗುವ ಅಗಲ ತುದಿ. ಅದು ಹತ್ತರಲ್ಲಿ ಒಂಬತ್ತು ವಯರಿಗೆ ಒಂದೇ ಥರ. ಅದನ್ನು ನೋಡಿ ವಯರು ಗುರುತಿಸುವುದೆಂದರೆ ಹಣೆಯ ಮೇಲಿನ ವಿಭೂತಿ ನೋಡಿ ಮನುಷ್ಯನ ಊರು ಹೇಳಿದ ಹಾಗೆ.

"ಇದು ಅಲ್ಲ ಕಾಕಿ. ಮಷೀನಿನೊಳಗ ಹೋಗೂ ತುದಿ."

"ಅದು ಭಾಳ ಸಣ್ಣದೈತಿ. ದೊಡ್ಡದು ತೋರಿಸಿದ್ರ ಲಗೂ ಗುರ್ತ ಹತ್ತತೈತಿ ಅಂದ್ಕೊಂಡೆ."

ಎರಡನೆಯದು ಬಂತು. ಸಣ್ಣ ತುದಿಯೇನೋ ಹೌದು, ಆದರೆ ಪಕ್ಕಕ್ಕೆ ಮಲಗಿದೆ. ಬೆಳ್ಳನೆಯ ಒಂದು ತಗಡು, ಅಷ್ಟೇ. ನನಗೆ ಬೇಕಾದದ್ದು ಅದರ ಬಾಯಿ. ಅದನ್ನು ಹೇಗೆ ತಿಳಿಸುವುದು? ಆಗ ಕಾಕಾ ನೆನಪಾದ. ಕಾಕಾ ಗಟ್ಟಿಯಾಗಿದ್ದಾಗ ಇಂಡಿ, ಸಿಂದಗಿ ಸಂತೆಗಳಿಗೆ ಎತ್ತು ಕೊಳ್ಳಲು ಹೋಗುವವರು ಅವನನ್ನು ಬಿಟ್ಟು ಹೋಗುತ್ತಿರಲಿಲ್ಲ. "ಡುಬ್ಬ ನೋಡಿ ಎತ್ತ ಕೊಳ್ಳಬ್ಯಾಡ, ಬಾಯಿ ಬಿಡಿಸಿ ಎದುರಿಗಿ ನಿಂದ್ರು" ಎನ್ನುತ್ತಿದ್ದ. ನಾನು ಮಾತು ಕಲಿತದ್ದೇ ಅವನ ಬೆನ್ನ ಹಿಂದೆ ಸಂತೆ ಸುತ್ತಿ.

"ಕಾಕಿ, ಎತ್ತಿನ ಹಲ್ಲ ನೋಡತಾರಲ್ಲ, ಹಂಗ ಪಿನ್ನಿನ ಬಾಯಿ ಎದುರಿಗಿ ಹಿಡಿ. ಬೆಳಕಿನ್ಯಾಗ."

ಆ ಕಡೆ ಕೆಮ್ಮು. ಕೆಮ್ಮಿನ ನಡುವೆ ಕಾಕಾನ ದನಿ: "ಬರೋಬರಿ... ಹೇಳಾಕತ್ಯಾನ... ಕೇಳು."

ಮೂರು ಮಾತಿಗೆ ಮೂರು ಸಲ ಉಸಿರು ತೆಗೆದ.

ಬಾಗೇವಾಡಿಯಲ್ಲಿ ಇಳಿಯುವಾಗ ಮೂರನೆಯ ಫೋಟೋ ಬಂದಿತ್ತು. ಬಾಯಿ ಎದುರಿಗೇ ಇತ್ತು, ಸ್ವಲ್ಪ ಮಬ್ಬು. ಬಸ್ ಸ್ಟ್ಯಾಂಡಿನ ಹೊರಗಿನ ಮೊಬೈಲ್ ಅಂಗಡಿಗೆ ಓಡಿದೆ. ಅಂಗಡಿಯವರು ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರು.

"ಟೈಪ್ ಸಿ ಅಂತೂ ಅಲ್ರಿ. ಅದು ಎರಡೂ ಕಡಿ ಗುಂಡಗಿರತೈತಿ, ಹೆಂಗ ತಿರುಗಿಸಿದರೂ ಹೋಗತೈತಿ. ಇದು ನೋಡ್ರಿ, ಒಂದು ಬದಿ ಅಗಲ, ಒಂದು ಬದಿ ಸಣ್ಣ. ಮೈಕ್ರೊ ಐತಿ."

ಕಾಕಿಯ ಫೋನಿನದು ಟೈಪ್ ಸಿ. ಅದು ಮಷೀನಿಗೆ ಹೋಗುವುದಿಲ್ಲವೆಂದು ಅವಳೂ ಹೇಳಿದ್ದಳು. ಲೆಕ್ಕ ಕೂಡಿತೆಂದು ಮೈಕ್ರೊ ಕೊಂಡೆ. ಮಸೂತಿ ಕಡೆಯ ಬಸ್ಸು ಬಂದು ನಿಂತಿತ್ತು. ಹತ್ತುವ ಮೊದಲು ಮನಸ್ಸಿಗೆ ಸಮಾಧಾನವಿಲ್ಲದೆ ಮತ್ತೊಮ್ಮೆ ಫೋಟೋ ತೆರೆದೆ.

ಪಿನ್ನಿನ ಪಕ್ಕದಲ್ಲಿ ಬಿಳಿ ಗುಂಡೊಂದು ಬಿದ್ದಿತ್ತು. ಮೊದಲು ನೋಡಿದಾಗ ಗೋಡೆಯ ಸುಣ್ಣವೆಂದು ಬಿಟ್ಟಿದ್ದೆ. ಅದು ಜೋಳದ ಕಾಳು. ಕಾಕಿ ಜೋಳ ಹಸನು ಮಾಡುತ್ತಿದ್ದ ಮೊರದ ಮೇಲೆಯೇ ವಯರನ್ನಿಟ್ಟು ಫೋಟೋ ತೆಗೆದಿದ್ದಳು. ಮಲಗಿದ ಕಾಳು ಎಷ್ಟು ಎತ್ತರವೋ ಪಿನ್ನಿನ ಬಾಯಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ನನ್ನ ಕೈಯಲ್ಲಿದ್ದ ಮೈಕ್ರೊ ಪಿನ್ನು ಕಾಗದದಂತೆ ತೆಳ್ಳಗಿತ್ತು. ಫೋಟೋ ಹಿಗ್ಗಿಸಿದರೆ ಇಲಿಯೂ ಎಮ್ಮೆಯಾಗುತ್ತದೆ. ಪಕ್ಕದಲ್ಲಿ ಗೊತ್ತಿರುವ ವಸ್ತುವೊಂದು ಇಲ್ಲದಿದ್ದರೆ ಅಳತೆ ತಿಳಿಯುವುದು ಹೇಗೆ?

ಬಸ್ಸು ನಿಲ್ಲುವ ಫಲಾಟಿನ ಕಟ್ಟೆಯ ಮೇಲೆ ಒಬ್ಬ ಮುದುಕಿ ಜೋಳದ ಚೀಲದ ಮೇಲೆ ಕೈಯಿಟ್ಟು ಕುಳಿತಿದ್ದಳು.

"ಯವ್ವಾ, ಒಂದ ಕಾಳ ಕೊಡ್ರಿ."

"ಒಂದ ಕಾಳ ತಗೊಂಡು ಏನ ಮಾಡ್ತಿ? ಗುಬ್ಬಿ ಏನು ನೀ?"

"ಅಳತಿ ಮಾಡಬೇಕ್ರಿ."

"ನಾವು ಸೇರಿಲೆ ಅಳೀತೀವಿ, ಇಂವ ಕಾಳಿಲೆ ಅಳೀತಾನ" ಎಂದು ಪಕ್ಕದವಳಿಗೆ ಹೇಳುತ್ತ, ಚೀಲದ ಬಾಯಿಯಿಂದ ನನ್ನ ಅಂಗೈಗೆ ನಾಲ್ಕು ಕಾಳು ಉದುರಿಸಿದಳು.

ಮತ್ತೆ ಅಂಗಡಿಗೆ ಓಡಿ, ಗಾಜಿನ ಮೇಲೆ ಕಾಳನ್ನು ಮಲಗಿಸಿ, ಪಕ್ಕಕ್ಕೆ ಮೈಕ್ರೊ ಪಿನ್ನು ಹಿಡಿದೆ. ಕಾಳಿನ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಅಂಗಡಿಯವರು ಬಗ್ಗಿ ಕಾಳು ನೋಡಿದರು, ಫೋಟೋ ನೋಡಿದರು, ಮತ್ತೆ ಕಾಳು ನೋಡಿದರು.

"ಸರ, ಹಂಗಾರ ಇದು ಮಿನಿ ಇರಬೇಕ್ರಿ. ಹಳೇ ಕ್ಯಾಮೆರಾಕ್ಕ ಬರ್ತಿತ್ತಲ್ಲ. ಅಗಲ ಎರಡರದೂ ಒಂದ, ದಪ್ಪ ಬ್ಯಾರೆ. ಈಗ ಯಾರೂ ಕೇಳಂಗಿಲ್ಲ. ಐತೋ ಇಲ್ಲೋ..."

ಅವರು ಕೆಳಗಿನ ಡಬ್ಬಿ ಎಳೆದರು. ಗೋಜಲುಗೊಂಡ ವಯರುಗಳು. ಒಂದೊಂದನ್ನೇ ಬಿಡಿಸುತ್ತಿದ್ದರೆ ಹೊರಗೆ ಮಸೂತಿ ಬಸ್ಸಿನ ಹಾರ್ನು. ನಾನು ಬಾಗಿಲಿಗೆ ಒಂದು ಕಾಲು, ಗಾಜಿಗೆ ಒಂದು ಕೈ ಇಟ್ಟು ನಿಂತಿದ್ದೆ. ಕಡೆಗೆ ಒಂದೇ ಒಂದು ಕರಿ ವಯರು ಸಿಕ್ಕಿತು. ಕಾಳಿನ ಪಕ್ಕಕ್ಕೆ ಹಿಡಿದೆವು. ಎರಡೂ ಸರಿಸಮ.

"ಇದೂ ಹತ್ತಲಿಲ್ಲಂದ್ರ?"

"ನಾಳಿಗಿ ತಂದುಕೊಡ್ರಿ, ತಗೋತೇನಿ."

ನಾಳೆಯ ಮಾತು ಯಾರಿಗೆ ಬೇಕಾಗಿತ್ತು! ಯಾವುದಕ್ಕೂ ಇರಲೆಂದು ಎರಡನ್ನೂ ಜೇಬಿಗಿಟ್ಟುಕೊಂಡು ಓಡಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅನುಮಾನ. ಎರಡೂ ಹೋಗದಿದ್ದರೆ? ಕಾಕಿ ಫೋಟೋ ತೆಗೆದದ್ದು ಆ ಮಷೀನಿನ ವಯರನ್ನೇ ಹೌದೋ, ಮನೆಯ ಟಾರ್ಚಿನದನ್ನೋ? ಫೋನು ಮಾಡಿ ಕೇಳೋಣವೆಂದರೆ ಮತ್ತೆ ಕೆಮ್ಮು ಕೇಳಬೇಕಲ್ಲ ಎಂಬ ಭಯ.

ಮನೆ ಹೊಕ್ಕಾಗ ಕಾಕಾ ಗೋಡೆಗೊರಗಿ, ಮೊಳಕಾಲ ಮೇಲೆ ಎರಡೂ ಕೈಯೂರಿ ಕುಳಿತಿದ್ದ. ಹೆಗಲು ಮೇಲೆ ಕೆಳಗೆ ಆಗುತ್ತಿತ್ತು. ಚಪ್ಪಲಿ ಬಿಡದೆ ಕರಿ ವಯರಿನ ಅಗಲ ತುದಿಯನ್ನು ಕಾಕಿಯ ಚಾರ್ಜರಿಗೆ ಹಾಕಿ, ಸಣ್ಣ ತುದಿಯನ್ನು ಮಷೀನಿಗೆ ಒತ್ತಿದೆ. ತಿರುವು ಮುರುವು ಆಗಿತ್ತು, ಹೋಗಲಿಲ್ಲ. ತಿರುಗಿಸಿ ಒತ್ತಿದೆ. ಕಟ್ಟೆಗೆ ಕೊಡ ಕೂತಂತೆ ಕೂತಿತು. ಕೆಂಪು ದೀಪ ಹತ್ತಿತು.

ಕೂಡಲೇ ನಡೆಯಲಿಲ್ಲ. ಸ್ವಲ್ಪ ತುಂಬಬೇಕಾಗಿತ್ತು. ಮೂವರೂ ಆ ಸಣ್ಣ ದೀಪವನ್ನೇ ನೋಡುತ್ತ ಕುಳಿತೆವು. ಆಮೇಲೆ ಕಾಕಿ ಗುಂಡಿ ಒತ್ತಿದಳು. ಜೀರುಂಡೆಯಂಥ ಸದ್ದು, ಮಾಸ್ಕಿನಿಂದ ಬೆಳ್ಳನೆಯ ಹಬೆ. ಕಾಕಾನ ಹೆಗಲು ನಿಧಾನವಾಗಿ ಕೆಳಗಿಳಿಯಿತು. ನಾನು ಆಗ ಚಪ್ಪಲಿ ಬಿಟ್ಟೆ.

"ಎರಡ ತರಬಾರದೇನು? ಇಲಿ ಇನ್ನೂ ಮನ್ಯಾಗ ಐತಿ" ಎಂದಳು ಕಾಕಿ.

"ಒಂದ ಇತ್ತು ಕಾಕಿ. ಇನ್ನೊಂದು ತಂದೇನಿ, ಆದ್ರ ಅದು ಇದಕ್ಕ ಹತ್ತಂಗಿಲ್ಲ."

ಮಾಸ್ಕಿನೊಳಗಿಂದ ಕಾಕಾ ಒಂದೇ ಉಸಿರಿನಲ್ಲಿ ಅಂದ: "ಹಂಗಾರ ಅದನ್ನ ಇಲಿಗಿ ಇಡು."