ಬಗಲು ಕತ್ತರಿಸುವ ತನಕ ಕೂತವರು

ಕಮಲಾಪುರದಲ್ಲಿ ನನ್ನ ಸೋದರತ್ತೆಯ ಮನೆಯ ಮುಂದಿನ ಖೋಲಿಯಲ್ಲಿ ಒಂದು ಉದ್ದನೆಯ ಮೇಜಿದೆ. ಅದರ ಮೇಲೆ ಬಟ್ಟೆ ಹಾಸಿ ಅತ್ತಿ ಇಪ್ಪತ್ತು ವರ್ಷ ಹುಡುಗಿಯರಿಗೆ ಬ್ಲೌಸ್ ಕತ್ತರಿಸುವುದನ್ನು ಕಲಿಸಿದಳು. ಕಲಿಯಲು ಬರುವವರು ಕಡಿಮೆಯಾಗುತ್ತ ಹೋಗಿ, ಹೋದ ವರ್ಷ ಕೊನೆಯ ಇಬ್ಬರೂ ಬಿಟ್ಟರು. ಖೋಲಿಯನ್ನು ಬಾಡಿಗೆಗೆ ಕೊಡೋಣ ಎಂದು ಮಾವ ಹೇಳತೊಡಗಿದ್ದರು. ಯುಗಾದಿಯ ತನಕ ತಡೆಯಿರಿ ಎಂದು ಅತ್ತಿ ಕೇಳಿಕೊಂಡಿದ್ದಳು. ಅಷ್ಟರೊಳಗೆ ವಿಡಿಯೋದಲ್ಲಿ ಕಲಿಯುವವರು ಸಿಕ್ಕರೆ ಮೇಜು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಈ ಆಸೆ ಹುಟ್ಟಿಸಿದವಳು ನಾನು.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಮೇಲಿನ ಸಣ್ಣ ಆಫೀಸಿನಲ್ಲಿ ಬೇರೆಯವರ ವಿಡಿಯೋಗಳಿಗೆ ಸ್ಕ್ರಿಪ್ಟ್ ಬರೆಯುತ್ತೇನೆ. ಭಾನುವಾರ ಬಸ್ಸು ಹತ್ತಿ ಅತ್ತಿಯ ಮನೆಗೆ ಹೋಗಿ, ಫೋನಿನಲ್ಲೇ ಚಿತ್ರೀಕರಿಸಿ ತರುತ್ತಿದ್ದೆ. ಅದನ್ನು ಜೋಡಿಸಿಕೊಡುವವರು ನಮ್ಮ ಆಫೀಸಿನ ಎಡಿಟರ್. ಮೊದಲು ಮದುವೆ ವಿಡಿಯೋ ಮಾಡುತ್ತಿದ್ದವರು.

ಅತ್ತಿಯ ಮೊದಲ ವಿಡಿಯೋಗಳನ್ನು ಜನ ತೆರೆಯುತ್ತಿದ್ದರು, ಕೂರುತ್ತಿರಲಿಲ್ಲ. ಎಂಟು ನಿಮಿಷದ ಪಾಠದಲ್ಲಿ ಎಷ್ಟು ಮಂದಿ ಯಾವ ಸೆಕೆಂಡಿನವರೆಗೆ ಉಳಿದರು ಎಂದು ತೋರಿಸುವ ಗೆರೆಯೊಂದು ಚಾನೆಲ್ಲಿನ ಲೆಕ್ಕದ ಪುಟದಲ್ಲಿ ಬರುತ್ತದೆ. ಆ ಗೆರೆ ಆರಂಭದಲ್ಲೇ ಕುಸಿಯುತ್ತಿತ್ತು. ಅತ್ತಿಯ ವಿದ್ಯೆಯ ತಿರುಳು ತೋಳು ಕೂಡಿಸುವ ಬಗಲಿನ ಸುತ್ತು ಕತ್ತರಿಸುವುದರಲ್ಲಿದೆ. ಅದು ಬರುವುದು ಐದನೆಯ ನಿಮಿಷಕ್ಕೆ. ಅಲ್ಲಿಗೆ ತಲುಪುವಷ್ಟರಲ್ಲಿ ಖೋಲಿ ಖಾಲಿಯಾಗಿರುತ್ತಿತ್ತು.

ಮೊದಲ ಮಾತನ್ನೇ ಪರೀಕ್ಷಿಸೋಣ ಎಂದುಕೊಂಡೆ. ಆರು ವಿಡಿಯೋ ಮಾಡಿದೆವು. ಎಲ್ಲವೂ ಬಗಲಿನ ಸುತ್ತು ತಪ್ಪಿ ಬ್ಲೌಸಿಗೆ ಬರುವ ಒಂದೊಂದು ದೋಷದ ಬಗ್ಗೆ, ಹೆಚ್ಚುಕಡಿಮೆ ಒಂದೇ ಉದ್ದ, ಒಂದೇ ಬಗೆಯ ಶೀರ್ಷಿಕೆ. ಮೂರರಲ್ಲಿ ಅತ್ತಿ ತನ್ನ ರೂಢಿಯಂತೆ ನಮಸ್ಕಾರ ಹೇಳಿ, ಎಲ್ಲರ ಆರೋಗ್ಯ ವಿಚಾರಿಸಿ, ಚಹಾ ಆಯಿತೇ ಎಂದು ಕೇಳಿ, ನಂತರ ಪಾಠ ಶುರುಮಾಡಿದಳು. ಉಳಿದ ಮೂರರಲ್ಲಿ, ನಾನು ಬರೆದುಕೊಟ್ಟಂತೆ, ನೇರವಾಗಿ ಆಯಾ ದೋಷದ ಪ್ರಶ್ನೆಯೊಂದನ್ನು ಕೇಳಿದಳು, ಒಂದರಲ್ಲಿ ಹೀಗೆ: ಬಗಲಲ್ಲಿ ಬ್ಲೌಸು ಯಾಕೆ ಸುಕ್ಕಾಗುತ್ತದೆ? ಎರಡೂ ಬಗೆಯನ್ನು ಒಂದು ಬಿಟ್ಟು ಒಂದರಂತೆ, ದಿನದ ಒಂದೇ ಹೊತ್ತಿಗೆ ಹಾಕಿದೆ.

ಎರಡು ವಾರದ ನಂತರ ಆರೂ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಪ್ರಶ್ನೆಯಿಂದ ಶುರುವಾದ ಮೂರೂ ಮೆಲ್ಲಗೆ ಇಳಿದಿದ್ದವು. ಕುಶಲ ಕೇಳಿದ ಮೂರೂ ಹದಿನೈದನೆಯ ಸೆಕೆಂಡಿಗೇ ಬಾವಿಗೆ ಬಿದ್ದಂತೆ ಬಿದ್ದಿದ್ದವು. ಅನುಮಾನಕ್ಕೆ ಜಾಗವಿಲ್ಲ ಎನ್ನಿಸಿತು. ಮುಂದಿನ ಸ್ಕ್ರಿಪ್ಟುಗಳಿಂದ ಕುಶಲದ ಮಾತನ್ನು ಪೂರ್ತಿ ಕಿತ್ತುಹಾಕಿ ಕಮಲಾಪುರಕ್ಕೆ ಹೋದೆ.

ಅತ್ತಿ ಹಾಳೆ ಓದಿ ಮೇಜಿನ ಮೇಲಿಟ್ಟಳು.

"ಮನಿಗಿ ಬಂದವರಿಗಿ ಆರಾಮ ಇದ್ದೀರೇನು ಅಂತ ಸುದ್ದಾ ಕೇಳಲಾರ್ದೆ, ಮೊದಲ ನಿಮ್ಮ ಬಗಲು ಸುಕ್ಕಾಗ್ಯಾದ ಅಂತಾರೇನವ್ವಾ?"

ನಾನು ಫೋನಿನಲ್ಲಿ ಗೆರೆ ತೋರಿಸಿದೆ. ಕುಸಿದ ಜಾಗದ ಮೇಲೆ ಬೆರಳಿಟ್ಟು, ಜನ ಎದ್ದುಹೋಗುತ್ತಿರುವುದು ಇಲ್ಲಿಯೇ ಎಂದು ಹೇಳಿದೆ. ಅಂದು ಅವಳು ನಾನು ಬರೆದದ್ದನ್ನು ಒಂದಕ್ಷರ ತಪ್ಪದೆ ಹೇಳಿದಳು, ಆದರೆ ಅವಳ ಕೈಗಳು ಬಟ್ಟೆಯ ಮೇಲೆ ಬಿಗಿಯಾಗಿದ್ದವು. ವಿಡಿಯೋ ನೋಡಿದ ಎಡಿಟರ್, "ಮೇಡಮ್ರ, ಇವರಿಗಿ ಪೊಲೀಸ್ ಠಾಣೆದಾಗ ಕುಂದ್ರಿಸಿ ಶೂಟಿಂಗ್ ಮಾಡೀರೇನ್ರಿ?" ಎಂದರು. ನನಗೆ ನಗು ಬರಲಿಲ್ಲ.

ಆ ವಿಡಿಯೋಗಳನ್ನು ಹಾಕುವ ಮೊದಲು ಹಳೆಯ ಆರರ ಲೆಕ್ಕವನ್ನು ಇನ್ನೊಮ್ಮೆ ತೆರೆದೆ. ಈ ಸಲ ಗೆರೆಯನ್ನು ಬಿಟ್ಟು, ನೋಡುಗರು ಎಲ್ಲಿಂದ ಬಂದರು ಎಂಬ ಪಟ್ಟಿ ನೋಡಿದೆ. ಮೊದಲೇ ನೋಡಬೇಕಿತ್ತು. ಕುಶಲ ಕೇಳಿದ ಮೂರು ವಿಡಿಯೋಗಳಿಗೆ ಮಾತ್ರ ವಾಟ್ಸಾಪಿನಿಂದ ಬಹಳ ಜನ ಬಂದಿದ್ದರು, ಸರಾಸರಿ ಹದಿನೈದು ಸೆಕೆಂಡು ನೋಡಿ ಹೋಗಿದ್ದರು. ಉಳಿದ ಮೂರಕ್ಕೆ ಅಲ್ಲಿಂದ ಯಾರೂ ಬಂದಿರಲಿಲ್ಲ.

ಅತ್ತಿಗೆ ಫೋನ್ ಮಾಡಿ, ವಿಡಿಯೋದ ಲಿಂಕನ್ನು ಯಾರಿಗಾದರೂ ಕಳಿಸಿದ್ದೆಯಾ ಎಂದು ಕೇಳಿದೆ.

"ನಮ್ಮ ಬೀಗರ ಗ್ರೂಪಿಗಿ ಹಾಕ್ದೆ. ಎಲ್ಲಾರೂ ನೋಡಿ ಹೂವ ಕಳಿಸ್ಯಾರ."

"ಆರೂ ಹಾಕ್ದೇನು?"

ಅವಳು ಮೆಲ್ಲಗೆ ಹೇಳಿದಳು: "ಮೂರ ಹಾಕೀನಿ. ನಮಸ್ಕಾರ ಇಲ್ದವು ಹ್ಯಾಂಗ ಹಾಕ್ಲಿ? ಬೀಗರು ಏನ್ ಅಂದ್ಕೋತಾರ, ಸೊಕ್ಕು ಬಂದದ ಇಕಿಗಿ ಅಂತಾರ."

ನನಗೆ ಎಲ್ಲ ಅರ್ಥವಾಯಿತು. ಗ್ರೂಪಿನಲ್ಲಿದ್ದ ಬೀಗರು, ನಾದಿನಿಯರು, ಅವರ ಮಕ್ಕಳು ವಿಡಿಯೋ ತೆರೆದು, ಅವಳ ಮುಖ ಕಂಡು, ಆರಾಮ ಇದ್ದೀರಾ ಎಂದದ್ದಕ್ಕೆ ಮನಸ್ಸಿನಲ್ಲೇ ಉತ್ತರ ಕೊಟ್ಟು, ಹಾಜರಿ ಹಾಕಿ ಹೋಗಿದ್ದರು. ಅವರಿಗೆ ಬ್ಲೌಸು ಕತ್ತರಿಸುವುದು ಬೇಕಿರಲಿಲ್ಲ. ನೋಡುಗರೇ ಕೆಲವು ನೂರು ಇರುವಾಗ ಅಷ್ಟು ಬಂಧುಗಳು ಒಮ್ಮೆಲೇ ಎದ್ದುಹೋದರೆ ಗೆರೆ ಬೀಳದೆ ಏನು ಮಾಡೀತು? ಎರಡು ಗುಂಪುಗಳನ್ನು ಹೋಲಿಸುವ ಮೊದಲು ಎರಡಕ್ಕೂ ಬಂದವರು ಒಂದೇ ಬಗೆಯವರೇ ಎಂದು ನೋಡಬೇಕು. ಇದು ನನಗೆ ಮೊದಲ ವರ್ಷದಲ್ಲೇ ಕಲಿಸಿದ ಪಾಠ. ಅದನ್ನು ಮರೆತು ಅತ್ತಿಯ ಬಾಯಿಂದ ಕುಶಲದ ಮಾತು ಕಿತ್ತುಕೊಂಡಿದ್ದೆ.

ತಪ್ಪು ನನ್ನದು ಎಂದು ಹೇಳಿದೆ. ಅವಳು ಬೈಯಲಿಲ್ಲ, "ಹಂಗಾದ್ರ ನಮಸ್ಕಾರ ತಿರುಗಿ ಕೊಡ್ತಿ?" ಎಂದು ಮಾತ್ರ ಕೇಳಿದಳು. ಎಲ್ಲಿ ಕೊಡಬೇಕು ಎಂಬುದನ್ನು ನೋಡೋಣ ಎಂದೆ. ಬಿಗಿಯಾಗಿ ಮಾತಾಡಿದ ವಿಡಿಯೋಗಳನ್ನು ಹಾಕಲಿಲ್ಲ.

ಹೊಸ ಆರು ಸ್ಕ್ರಿಪ್ಟ್ ಬರೆಯುವಾಗ ಹಳೆಯ ಗೆರೆಗಳಿಂದ ಇನ್ನೂ ಎರಡು ಸಂಗತಿ ಎತ್ತಿಕೊಂಡೆ. ಪ್ರಶ್ನೆಯಿಂದ ಶುರುವಾದವು ಮೊದಲ ಅರ್ಧ ನಿಮಿಷ ಜನರನ್ನು ಹಿಡಿದರೂ, ಎರಡನೆಯ ನಿಮಿಷದಲ್ಲಿ ಜಾರಿದ್ದವು. ಕೇಳಿದ ಪ್ರಶ್ನೆಗೆ ಉತ್ತರ ಐದನೆಯ ನಿಮಿಷದವರೆಗೆ ಬರುತ್ತಿರಲಿಲ್ಲ, ನಡುವೆ ಅಳತೆಯ ಪಟ್ಟಿಯ ವಿವರಣೆಯಿತ್ತು. ಒಂದು ಕಡೆ ಮಾತ್ರ ಗೆರೆ ಮೇಲೆದ್ದಿತ್ತು: ಮುಂಭಾಗದ ಬಗಲನ್ನು ಹಿಂಭಾಗಕ್ಕಿಂತ ಅರ್ಧ ಇಂಚು ಒಳಕ್ಕೆ ಕತ್ತರಿಸಬೇಕು ಎಂದು ಅತ್ತಿ ತೋರಿಸುವಲ್ಲಿ. ಉಳಿದಿದ್ದ ಕೆಲವರು ಅದನ್ನು ಹಿಂದಕ್ಕೆಳೆದು ಮತ್ತೆ ನೋಡಿದ್ದರು.

ಆದ್ದರಿಂದ ಅಳತೆಯ ಪಟ್ಟಿಯನ್ನು ಹಿಂದಕ್ಕೆ ತಳ್ಳಿ, ಬಗಲನ್ನು ಆರರಲ್ಲೂ ಮೂರನೆಯ ನಿಮಿಷಕ್ಕೆ ತಂದೆ. ಮೂರರಲ್ಲಿ ಅತ್ತಿ ಮೊದಲೇ ಕುಶಲ ಕೇಳುವುದು. ಇನ್ನು ಮೂರರಲ್ಲಿ ಕೆಟ್ಟ ಬ್ಲೌಸನ್ನು ಕೈಯಲ್ಲಿ ಹಿಡಿದು ಅದರ ದೋಷ ತೋರಿಸಿ, ಅದರ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ, ಆಮೇಲೆ ಕುಶಲ ಕೇಳುವುದು. ಎರಡು ವಾರ ಗ್ರೂಪಿಗೆ ಯಾವುದನ್ನೂ ಕಳಿಸಬಾರದು ಎಂದು ಕೇಳಿಕೊಂಡೆ. ಬೀಗರು ಸಿಟ್ಟಾದರೆ ನಿನ್ನ ಹೆಸರು ಹೇಳುತ್ತೇನೆ ಎಂದಳು.

ಈ ಸಲ ಯಾವ ಗೆರೆಯೂ ಬಾವಿಗೆ ಬೀಳಲಿಲ್ಲ. ಕುಶಲ ಮೊದಲು ಕೇಳಿದವು ಸ್ವಲ್ಪ ಹೆಚ್ಚು ಇಳಿದವು, ಅಷ್ಟೆ. ಕೆಟ್ಟ ಬ್ಲೌಸಿನಿಂದ ಶುರುವಾದವುಗಳಲ್ಲಿ, ಅತ್ತಿ ಚಹಾ ಆಯಿತೇ ಎಂದು ಕೇಳುವಲ್ಲಿ ಯಾರೂ ಎದ್ದುಹೋದಂತೆ ಕಾಣಲಿಲ್ಲ. ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಬಗಲು ಕತ್ತರಿಸುವ ಹೊತ್ತಿಗೂ ಕೂತಿದ್ದರು. ಮೂರು ಮೂರು ವಿಡಿಯೋಗಳಿಂದ ಯಾವುದನ್ನೂ ಸಾಧಿಸಿ ತೋರಿಸಿದಂತಾಗುವುದಿಲ್ಲ. ಅತ್ತಿಗೂ ಹಾಗೆಯೇ ಹೇಳಿದೆ. ಅವಳು ನನ್ನ ಎಚ್ಚರಿಕೆಯನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಫೋನನ್ನು ಮಾವನ ಮುಂದೆ ಹಿಡಿದು, ಇವರೆಲ್ಲ ಬಗಲಿನವರೆಗೆ ಕೂತವರು ಎಂದು ತೋರಿಸುತ್ತಿದ್ದಳು.

ಮಾವ ಕನ್ನಡಕ ಹಾಕಿಕೊಂಡು ಗೆರೆಯನ್ನು ಉದ್ದಕ್ಕೂ ನೋಡಿದರು. ಯುಗಾದಿಗೆ ಇನ್ನೂ ಹತ್ತು ದಿನವಿದ್ದಾಗ, ಖೋಲಿ ನೋಡಲು ಬಂದವರಿಗೆ ಅದು ಖಾಲಿ ಇಲ್ಲ ಎಂದು ಹೇಳಿ ಕಳಿಸಿದರಂತೆ.

ಮುಂದಿನ ಭಾನುವಾರ ನಾನು ಹೋದಾಗ ಅತ್ತಿ ಮೇಜಿನ ಮೇಲೆ ನಾಲ್ಕು ಕೆಟ್ಟ ಬ್ಲೌಸುಗಳನ್ನು ಸಾಲಾಗಿ ಇಟ್ಟಿದ್ದಳು. ನೆರೆಹೊರೆಯವರಿಂದ ಬೇಡಿ ತಂದಿದ್ದಳಂತೆ. ನನ್ನ ಹಾಳೆ ಚೀಲದಿಂದ ಹೊರಬರುವ ಮೊದಲೇ ಒಂದನ್ನು ಎತ್ತಿ ಹಿಡಿದಳು.

"ಇದರ ಭುಜ ಜಾರತದ. ಯಾಕ ಅಂತ ನಾನೇ ಹೇಳ್ತೀನಿ, ನೀ ಫೋನ್ ಹಿಡಿ."