ಏಳರ ಬೆನ್ನು

ಸವಣೂರಿನ ನಮ್ಮ ಕಾಲೇಜಿನ ಮನಶ್ಶಾಸ್ತ್ರ ಲ್ಯಾಬಿನಲ್ಲಿ ನಾಲ್ಕು ಕಾರ್ಡುಗಳಿವೆ. ಒಂದರ ಮೇಲೆ ಅ, ಇನ್ನೊಂದರ ಮೇಲೆ ಕ, ಮತ್ತೊಂದರ ಮೇಲೆ ೪, ಕೊನೆಯದರ ಮೇಲೆ ೭. ಇಪ್ಪತ್ತೆರಡು ವರ್ಷದ ಹಿಂದೆ ಯಾರದೋ ಮದುವೆ ಪತ್ರಿಕೆಯ ದಪ್ಪ ರಟ್ಟು ಕತ್ತರಿಸಿ, ಎರಡೂ ಬದಿಗೆ ಬಿಳಿ ಹಾಳೆ ಅಂಟಿಸಿ, ಕುಂಚ ಹಿಡಿದು ಬರೆದವನು ಅಟೆಂಡರ್ ಅಲ್ಲಾಭಕ್ಷ. ಅವನ ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಮಗನಿಗೆ ಏಳನೆಯ ಇಯತ್ತೆಗೆ ಸಾಲೆ ಬಿಟ್ಟುಹೋದರೂ ಅಕ್ಷರ ಮಾತ್ರ ಮುತ್ತಿನಂತೆ ಉಳಿಯಿತು. ನಾಲ್ಕೂ ಕಾರ್ಡು ಒಂದೇ ದಿನ ಹುಟ್ಟಿದವು. ಆದರೆ ಇವತ್ತು ನೋಡಿದರೆ ಅ ಮತ್ತು ೪ ಹೆಬ್ಬೆರಳಿನ ಜಿಡ್ಡಿನಿಂದ ಕಪ್ಪಾಗಿವೆ, ಕ ಮತ್ತು ೭ ನಿನ್ನೆ ಬರೆದ ಹಾಗಿವೆ.

ಲ್ಯಾಬಿಗೆ ಯಾರೇ ಹೊಸಬರು ಬರಲಿ, ಅಲ್ಲಾಭಕ್ಷ ಕಾರ್ಡು ತೋರಿಸುತ್ತಿದ್ದ. "ನೋಡ್ರಿ, ನಮ್ಮ ಹುಡುಗರು ಯಾವ ಕಾರ್ಡು ಹೊಳ್ಳಿಸಿ ನೋಡ್ತಾರ ಅನ್ನೂದು ಈ ಹೊಲಸು ಹೇಳ್ತೈತಿ" ಎನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಎಂ.ಎ. ಮಾಡಿದವಳು ನಾನು, ಸಂಶೋಧನೆಯ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುವವನು ಇವನು!

ಪ್ರಯೋಗ ಇಷ್ಟೇ. ಪ್ರತಿ ಕಾರ್ಡಿನ ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಅಂಕಿ. ನಿಯಮ ಹೀಗಿದೆ: 'ಒಂದು ಬದಿಗೆ ಸ್ವರವಿದ್ದರೆ ಇನ್ನೊಂದು ಬದಿಗೆ ಸಮಸಂಖ್ಯೆ ಇರುತ್ತದೆ.' ಈ ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವ ಯಾವ ಕಾರ್ಡನ್ನು ತಿರುಗಿಸಲೇಬೇಕು? ಅರವತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞ ಕೇಳಿದ ಪ್ರಶ್ನೆ ಇದು. ಅಲ್ಲಿನ ಜನ ಎಡವಿದ್ದು ಎಲ್ಲಿಯೋ ಪಕ್ಕದ ಹತ್ತಿಮತ್ತೂರಿನಿಂದ ಬರುವ ನಮ್ಮ ಹುಡುಗರು ಎಡವುವುದೂ ಅಲ್ಲಿಯೇ. ಹೆಚ್ಚಿನವರು ಅ ಮತ್ತು ೪ ಎತ್ತುತ್ತಾರೆ, ಉಳಿದವರು ಬರೀ ಅ. ನೂರರಲ್ಲಿ ಏಳೆಂಟು ಜನ ಮಾತ್ರ ಅ ಮತ್ತು ೭ ಎನ್ನುತ್ತಾರೆ. ಅದೇ ಸರಿ. ೪ರ ಹಿಂದೆ ಸ್ವರ ಬಂದರೂ ವ್ಯಂಜನ ಬಂದರೂ ನಿಯಮಕ್ಕೇನೂ ಆಗುವುದಿಲ್ಲ. ವ್ಯಂಜನದ ಜೊತೆ ಸಮಸಂಖ್ಯೆ ಇರಬಾರದು ಎಂದು ಯಾರು ಹೇಳಿದ್ದಾರೆ? ಆದರೆ ೭ರ ಹಿಂದೆ ಸ್ವರವೊಂದು ಕೂತಿದ್ದರೆ ನಿಯಮ ಅಲ್ಲಿಗೇ ಮುಗಿಯಿತು. 'ಸ್ವರವಿದ್ದರೆ ಸಮ' ಎಂದರೂ 'ಸಮವಲ್ಲದಿದ್ದರೆ ಸ್ವರವಲ್ಲ' ಎಂದರೂ ಒಂದೇ ಮಾತು. ಪುಸ್ತಕದಲ್ಲಿ ಇದಕ್ಕೆ ಕಾಂಟ್ರಾಪಾಸಿಟಿವ್ ಎಂಬ ದೊಡ್ಡ ಹೆಸರಿದೆ. ನಾನು ಆ ಹೆಸರನ್ನು ಹಲಗೆಯ ಮೇಲೆ ಬರೆದು ಎರಡು ಗೆರೆ ಎಳೆಯುತ್ತಿದ್ದೆ. ೭ ಎಂದವರಿಗೆ ಭೇಷ್ ಎಂದು, ಕಾರ್ಡು ಮುಟ್ಟುವ ಮೊದಲೇ ಅಂಕ ಹಾಕಿ, ಮುಂದಿನವರನ್ನು ಕರೆಯುತ್ತಿದ್ದೆ. ಪರೀಕ್ಷೆಯ ದಿನ ಯಾರಿಗೆ ಹೊತ್ತಿರುತ್ತದೆ?

ಅಲ್ಲಾಭಕ್ಷನ ಮಗಳು ಮಹೆಕ ಬಿ.ಎ. ಎರಡನೆಯ ವರ್ಷಕ್ಕೆ ನನ್ನ ಕ್ಲಾಸಿನಲ್ಲೇ ಇದ್ದಳು. ಅವಳೂ ಮೊದಲ ದಿನ ಅ ಮತ್ತು ೪ ಎತ್ತಿದ್ದಳು. ಅಪ್ಪ ಬಾಗಿಲ ಹತ್ತಿರ ನಿಂತು ಹಣೆ ಚಚ್ಚಿಕೊಂಡ. ಮನೆಯಲ್ಲಿ ಅವನು ಅದನ್ನೇ ಬೇರೆ ಥರ ಕೇಳಿದನಂತೆ. "ಬಸ್ಸಿನ್ಯಾಗ ಪಾಸ್ ತೋರಿಸಿದವರ ಕಡೆ ಕಾಲೇಜಿನ ಐಡಿ ಇರಬೇಕು. ಒಬ್ಬಾಕಿ ಪಾಸ್ ತೋರ್ಸ್ಯಾಳ, ಒಬ್ಬಾವ ರೊಕ್ಕ ಕೊಟ್ಟು ಟಿಕೆಟ್ ತಗೊಂಡಾನ, ಒಬ್ಬಾಕಿ ಕೊರಳಾಗ ಐಡಿ ಐತಿ, ಒಬ್ಬಾವ ಐಡಿ ಇಲ್ಲ ಅಂತಾನ. ಕಂಡಕ್ಟರ್ ಯಾರನ್ನ ತಪಾಸ್ ಮಾಡಬೇಕು?" ಮಹೆಕ ರೊಟ್ಟಿ ಬಡಿಯುತ್ತಲೇ ಹೇಳಿದಳಂತೆ: "ಪಾಸಿನಾಕಿನ್ನ, ಐಡಿ ಇಲ್ಲದಾವನ್ನ." ಮರುದಿನ ಬಂದು ನನಗೆ ಹೇಳಿದಳು. ಬಸ್ಸಿನ ಕಳ್ಳರನ್ನು ಹಿಡಿಯುವಾಗ ಎಲ್ಲರಿಗೂ ಬುದ್ಧಿ ಓಡುತ್ತದೆ, ಬರೀ ಅಕ್ಷರ ಅಂಕಿ ಕೊಟ್ಟರೆ ನಿಂತುಬಿಡುತ್ತದೆ ಎಂದು ನಾನೂ ಪುಸ್ತಕದಲ್ಲಿ ಓದಿದ್ದೆ. ಹಾಗಾದರೆ ಕಳ್ಳರನ್ನು ಹಿಡಿಯುವುದರಲ್ಲಿ ನಾವು ಹುಷಾರು ಎಂದುಕೊಂಡಿದ್ದೆ.

ಆ ಮಾರ್ಚಿನಲ್ಲಿ ಲ್ಯಾಬಿನ ಸಾಮಾನು ಎಣಿಸಿದಾಗ ಎಂಟು ಸ್ಟಾಪ್‌ವಾಚುಗಳಲ್ಲಿ ಐದೇ ಇದ್ದವು. ಪ್ರಿನ್ಸಿಪಾಲ್ ಶಿದ್ಲಿಂಗಪ್ಪನವರು ಒಂದು ಕ್ಷಣವೂ ಯೋಚಿಸಲಿಲ್ಲ. "ವಾಚ್ ಕಳದ ಎಲ್ಲಾ ದಿನ ಕೀಲಿ ಅಂವನ ಕೈಯಾಗ ಇತ್ತು. ಇದರಾಗ ವಿಚಾರಣೆ ಮಾಡೂದು ಏನೈತ್ರಿ?" ಎಂದರು. ಆದರೂ ಕಾಗದ ಬೇಕಲ್ಲ! ವಿಚಾರಣಾ ಸಮಿತಿ ಎಂದು ಒಬ್ಬರನ್ನು ನೇಮಿಸಿದರು. ತರ್ಕ ಕಲಿಸುವವಳು ಎಂಬ ಕಾರಣಕ್ಕೆ ನನ್ನನ್ನೇ.

ನಮ್ಮಲ್ಲಿ ಎರಡು ರಜಿಸ್ಟರ್. ಆಫೀಸಿನಲ್ಲಿ ಕೀಲಿಯದು, ಅಂದು ಕೀಲಿ ಒಯ್ದವರ ಸಹಿ ಅದರಲ್ಲಿರುತ್ತದೆ. ಲ್ಯಾಬಿನಲ್ಲಿ ಎಣಿಕೆಯದು, ಸಂಜೆ ಬಾಗಿಲು ಹಾಕುವವರು ಅದರಲ್ಲಿ ವಾಚ್ ಎಷ್ಟಿವೆ ಎಂದು ಬರೆಯಬೇಕು. ನಾನು ಕನ್ನಡಕ ಒರೆಸಿಕೊಂಡು, ಮೊದಲು ಕೀಲಿಯ ರಜಿಸ್ಟರ್ ತೆಗೆದು, ಅಲ್ಲಾಭಕ್ಷನ ಸಹಿ ಇದ್ದ ನೂರ ಎಂಬತ್ತು ದಿನಗಳ ಪಟ್ಟಿ ಮಾಡಿದೆ. ಒಂದೊಂದೇ ದಿನದ ಎಣಿಕೆಯನ್ನು ಅದರ ಹಿಂದಿನ ಸಾಲಿನ ಜೊತೆ ಹೋಲಿಸಿ, ಅಂದು ಇಳಿದಿದೆಯೇ ಎಂದು ನೋಡಿದೆ. ಮೂರು ದಿನ ಕುಳಿತೆ, ಕುತ್ತಿಗೆ ಹಿಡಿಯಿತು. ಒಂದು ಕಡೆ ಏಳು ಆರಾಗಿತ್ತು. ಮುಂದೊಂದು ಕಡೆ ಆರು ಐದಾಗಿತ್ತು. ಎರಡು ಸಿಕ್ಕವಲ್ಲ, ಮೂರನೆಯದೂ ಇವನ ದಿನವೇ ಹೋಗಿರುತ್ತದೆ, ನನ್ನ ಕಣ್ಣಿಗೆ ತಪ್ಪಿರಬೇಕು ಎಂದುಕೊಂಡು ವರದಿ ಬರೆದೆ. ಬೇರೆಯವರ ಸಹಿ ಇದ್ದದ್ದು ಬರೀ ಹನ್ನೊಂದು ದಿನ. ಹನ್ನೊಂದು ಸಾಲು! ಅದನ್ನು ನೋಡುವ ಕೆಲಸವೇ ಇಲ್ಲ ಅನಿಸಿತು.

ಅಲ್ಲಾಭಕ್ಷ ಆ ಎರಡು ವಾಚುಗಳನ್ನು ಆಟದ ಮಾಸ್ತರ ಆನಂದನಿಗೆ ಕೊಟ್ಟಿದ್ದೆ ಎಂದ. ಆನಂದ ತಿರುಗಿ ಕೊಟ್ಟಿದ್ದೇನೆ ಎಂದ. ಇಬ್ಬರಲ್ಲಿ ಪ್ಯಾಂಟಿಗೆ ಇಸ್ತ್ರಿ ಹಾಕಿದವನ ಮಾತನ್ನು ನಾವು ನಂಬಿದೆವು. ಅಲ್ಲಾಭಕ್ಷ ಕಾಯಂ ನೌಕರನಲ್ಲ, ವರದಿ ಮೇಲೆ ಹೋದರೆ ಮರುದಿನವೇ ಮನೆಗೆ. ಮಹೆಕ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದಳು. ಗೇಟಿನ ಹತ್ತಿರ ಯಾರೋ ಅವಳನ್ನು 'ಟೈಮ್ ಎಷ್ಟಾತು?' ಎಂದು ಕೇಳಿದ್ದರಂತೆ.

ವರದಿಗೆ ಸಹಿ ಹಾಕುವ ದಿನ ಅವನನ್ನು ಒಳಗೆ ಕರೆದೆವು. ಅವನು ಅಳಲಿಲ್ಲ, ಕೈ ಮುಗಿಯಲಿಲ್ಲ. ಕಿಸೆಯಿಂದ ನಾಲ್ಕು ರಟ್ಟಿನ ಚೂರು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಅದೇ ಮುತ್ತಿನಂಥ ಅಕ್ಷರ. 'ವಾಚ್ ಕಡಿಮೆ ಆದ ದಿನ', 'ಕಡಿಮೆ ಆಗದ ದಿನ', 'ಕೀಲಿ ಅಲ್ಲಾಭಕ್ಷ', 'ಕೀಲಿ ಬೇರೆಯವರು'.

"ಏನೋ ಇದು, ಇಸ್ಪೀಟ್ ಆಡಾಕ ಬಂದಿ ಏನು?" ಎಂದರು ಶಿದ್ಲಿಂಗಪ್ಪನವರು.

"ಅಲ್ರಿ ಸಾಹೇಬ್ರ. ವಾಚ್ ಕಳದ ಎಲ್ಲಾ ದಿನ ಕೀಲಿ ನನ್ನ ಕೈಯಾಗ ಇತ್ತು ಅಂತ ನೀವು ಅಂದ್ರಿ. ಅದು ಖರೇನೋ ಸುಳ್ಳೋ ನೋಡಾಕ ಯಾವ ಚೂರು ಹೊಳ್ಳಸಬೇಕ್ರಿ? ನಾನು ಹೇಳೂದು ಬ್ಯಾಡ, ಮೇಡಂ ಅವರ ಹೇಳ್ಲಿ."

ನಾನು ಬಗ್ಗಿ ನಾಲ್ಕನ್ನೂ ಓದಿದೆ. ಮೂರು ದಿನ ಕುಳಿತು ನಾನು ತಿರುಗಿಸಿದ್ದು ಮೂರನೆಯ ಚೂರು. ಅಂದರೆ ೪. ಹೆಬ್ಬೆರಳಿನ ಜಿಡ್ಡು ನನ್ನದೇ.

"ಮದ್ಲನೇದು... ಮತ್ತ ಕಡೀದು" ಎಂದೆ.

"ಹೌದಲ್ರಿ? ನನ್ನ ಸಹಿ ಇದ್ದ ದಿನ ಹತ್ತು ವಾಚ್ ಹೋಗ್ಲಿ, ನಿಮ್ಮ ಮಾತು ಅದರಿಂದ ಸುಳ್ಳಾಗೂದಿಲ್ಲ, ಪಕ್ಕಾನೂ ಆಗೂದಿಲ್ಲ. ನಾನು ಇರದ ದಿನ ಒಂದು ಹೋಗಿದ್ರ ಸುಳ್ಳು ಆತು. ಏಳು ಆರಾಗಿದ್ದು ನೋಡೀರಿ, ಆರು ಐದಾಗಿದ್ದು ನೋಡೀರಿ. ಎಂಟು ಯಾವಾಗ ಏಳಾತ್ರಿ, ಮೇಡಂ?"

ಎಣಿಕೆಯ ರಜಿಸ್ಟರ್ ಅಲ್ಲೇ ಇತ್ತು. ಹನ್ನೊಂದು ಸಾಲು ನೋಡಲು ಎರಡು ನಿಮಿಷ ಸಾಕಾಯಿತು. ಜನವರಿಯಲ್ಲಿ ಅಲ್ಲಾಭಕ್ಷ ಬಂಕಾಪುರಕ್ಕೆ ಅಕ್ಕನ ಮಗಳ ಮದುವೆಗೆಂದು ಎರಡು ದಿನ ರಜೆ ಹೋಗಿದ್ದ. ಮೊದಲ ದಿನದ ಸಂಜೆ ವಾಚ್ ಎಂಟು. ಎರಡನೆಯ ದಿನದ ಸಂಜೆ ೭. ಕೀಲಿಯ ರಜಿಸ್ಟರಿನಲ್ಲೂ ಎಣಿಕೆಯ ರಜಿಸ್ಟರಿನಲ್ಲೂ ಒಂದೇ ಸಹಿ. ಮಂಜುಳಾ. ನಾನು.

ನೆನಪಾಯಿತು. ಅಂದು ಮಧ್ಯಾಹ್ನ ಗೊಟಗೋಡಿಯಲ್ಲಿ ನಡೆದಿದ್ದ ಕಾಲೇಜಿನ ಶಿಬಿರಕ್ಕೆ ಹೋಗುವಾಗ ಹುಡುಗರಿಗೆ ಪ್ರಯೋಗ ತೋರಿಸಲೆಂದು ಒಂದು ವಾಚ್ ಚೀಲಕ್ಕೆ ಹಾಕಿಕೊಂಡಿದ್ದೆ. ಸಂಜೆ ತಿರುಗಿ ಬಂದು, ಅಲ್ಮಾರಿಯಲ್ಲಿ ಇದ್ದವನ್ನು ಎಣಿಸಿ, ಪ್ರಾಮಾಣಿಕವಾಗಿ ೭ ಎಂದು ಬರೆದು ಮನೆಗೆ ಹೋಗಿದ್ದೆ! ಮನೆಯಲ್ಲಿ ಬಾಗಿಲ ಹಿಂದೆ ತೂಗುಬಿದ್ದ ಆ ಸೆಣಬಿನ ಚೀಲದಲ್ಲಿ, ಶಿಬಿರದ ಬ್ಯಾನರಿನ ಕೆಳಗೆ ವಾಚ್ ಸಿಕ್ಕಿತು. ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ನನ್ನದು ಸಿಕ್ಕ ಸುದ್ದಿ ಕೇಳಿ ಆನಂದನೂ ಕ್ರಿಕೆಟ್ ಕಿಟ್ ಜಾಡಿಸಿದ. ಪ್ಯಾಡಿನ ಒಳಗಿಂದ ಎರಡು ಉದುರಿದವು. ಶಿದ್ಲಿಂಗಪ್ಪನವರು "ನಾ ಮದಲs ಅಂದಿದ್ದೆ, ಅಲ್ಲಾಭಕ್ಷ ಅಂಥಾವ ಅಲ್ಲ ಅಂತ" ಎಂದು ವರದಿಯನ್ನು ಹರಿದರು. ನನ್ನ ವಿರುದ್ಧ ವಿಚಾರಣಾ ಸಮಿತಿ ಮಾತ್ರ ಯಾರೂ ನೇಮಿಸಲಿಲ್ಲ.

ಮಹೆಕ ಮರಳಿ ಕ್ಲಾಸಿಗೆ ಬಂದಳು, ಆದರೆ ಮುಂದಿನ ಬೆಂಚಿಗಲ್ಲ. ನಾನು ಲ್ಯಾಬಿಗೆ ಹೋಗಿ ಅಲ್ಲಾಭಕ್ಷನ ಎದುರು ನಿಂತೆ. "ನಂದು ತಪ್ಪಾತು, ಅಲ್ಲಾಭಕ್ಷ" ಎಂದೆ. ಅವನು ಕಾರ್ಡು ಒರೆಸುತ್ತಿದ್ದ. "ಇರ್ಲಿ ಬಿಡ್ರಿ" ಎನ್ನುತ್ತಾನೆ ಎಂದುಕೊಂಡಿದ್ದೆ. ಅನ್ನಲಿಲ್ಲ.

"ಜನವರಿಯಾಗಿಂದ ನಿನಗ ಗೊತ್ತಿತ್ತಲ್ಲ, ಮದ್ಲs ಯಾಕ ಹೇಳ್ಲಿಲ್ಲ?" ಎಂದು ನಾನೇ ಕೇಳಿದೆ.

"ನಾನು ಹೇಳಿದ್ರ ಮೇಡಂ ಮ್ಯಾಲ ಹಾಕಾಕತ್ತಾನ ಅಂತಿದ್ರಿ. ನೀವs ಹೊಳ್ಳಿಸಿ ನೋಡ್ಲಿ ಅಂತ ಸುಮ್ಮನಿದ್ದೆ."

ಮೇಜಿನ ಮೇಲಿದ್ದ ೭ರ ಕಾರ್ಡು ಎತ್ತಿಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲ ಸಲ ಎಂಬುದು ಕೈಗೆ ಬಂದ ಮೇಲೆ ತಿಳಿಯಿತು. ತಿರುಗಿಸಿದೆ. ಹಿಂದೆ, ಅಂಚೂ ಮಾಸದ ಕಪ್ಪು ಬಣ್ಣದಲ್ಲಿ, 'ಇ' ಎಂದಿತ್ತು. ಸ್ವರ. ನಿಯಮ ಮೊದಲ ದಿನದಿಂದಲೇ ಸುಳ್ಳಾಗಿತ್ತು. 'ನಿಯಮ ಸರಿಯಾಗಿದೆ' ಎಂದು ಬರೆದ ಎಷ್ಟೋ ನೂರು ರೆಕಾರ್ಡು ಪುಸ್ತಕಗಳಲ್ಲಿ ಕಾರ್ಡಿನ ಆಯ್ಕೆ ತಪ್ಪೆಂದು ಅಂಕ ಕಡಿದಿದ್ದೆ, ಆ ಸಾಲನ್ನು ಮಾತ್ರ ಹಾಗೇ ಬಿಟ್ಟು ಕೆಳಗೆ ಸಹಿ ಹಾಕಿದ್ದೆ.

"ಇದನ್ನ ಯಾಕ ಹಿಂಗ ಬರದಿ?" ಎಂದು ಕೇಳಿದೆ.

"ಯಾರರ ಒಬ್ಬರು ನೋಡ್ತಾರಂತ, ಮೇಡಂ" ಎಂದ ಅಲ್ಲಾಭಕ್ಷ. ಆಮೇಲೆ ಕಾರ್ಡು ಇಸಿದುಕೊಂಡು, ಅದರ ಮೇಲೆ ಬಿದ್ದ ನನ್ನ ಹೆಬ್ಬೆರಳಿನ ಗುರುತು ನೋಡಿದ. ಉಳಿದವನ್ನೆಲ್ಲ ಒರೆಸಿದ, ಅದೊಂದನ್ನು ಒರೆಸದೆ ಡಬ್ಬಿಯಲ್ಲಿಟ್ಟ.